ಫೋಟೊದಲ್ಲಿ ಇಲ್ಲದವರಿಗೆ ಧನ್ಯವಾದ

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ವಯೋನಿವೃತ್ತಿಗೆ ಒಂದು ವಾರ ಇರುವಾಗ ಸಹೋದ್ಯೋಗಿಗಳು ನನ್ನ ಸೇವೆಯ ಫೋಟೊಗಳನ್ನು ಜೋಡಿಸಿ 26 ಸ್ಲೈಡ್ ಮಾಡಿದ್ದರು. ಬೀಳ್ಕೊಡುಗೆಯ ದಿನ ಮೊದಲು ಅದು, ಆಮೇಲೆ ನನ್ನ ಎರಡು ಮಾತು. ಫೈಲನ್ನು ಮುಂಚೆಯೇ ಕೇಳಿ ಪಡೆದೆ.

ಮೊದಲ ಕರಡು ಸ್ಲೈಡ್‌ಗಳ ಕ್ರಮದಲ್ಲೇ ಬಂತು: ನೇಮಕಾತಿ, ವರ್ಗಾವಣೆ, ಬಡ್ತಿ, ಪ್ರತಿಭಾ ಕಾರಂಜಿಯ ಬಹುಮಾನ. ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿದರೆ ಒಂಬತ್ತು ನಿಮಿಷ ಹಿಡಿಯಿತು. ಹೊತ್ತಿಗಿಂತ ದೊಡ್ಡ ತೊಂದರೆ ಬೇರೆಯಿತ್ತು. ಜನ ಆಗತಾನೇ ಪರದೆಯ ಮೇಲೆ ನೋಡುವುದನ್ನೇ ನಾನು ಮತ್ತೆ ಹೇಳಲಿದ್ದೆ, ಮತ್ತು ಸಾಲು ಸಾಲೂ "ನಾನು" ಎಂದೇ ಶುರುವಾಗುತ್ತಿತ್ತು. ಧನ್ಯವಾದವೆಲ್ಲ ಕೊನೆಯ ಸಾಲಿನಲ್ಲಿ "ಎಲ್ಲರಿಗೂ" ಎಂಬ ಒಂದೇ ಪದದಲ್ಲಿ ಮುಗಿದಿತ್ತು.

ಅದನ್ನು ಬದಿಗಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸ್ಲೈಡಿನ ಮುಂದೆ ಒಂದೇ ಪ್ರಶ್ನೆಗೆ ಉತ್ತರ ಬರೆದೆ: ಈ ಫೋಟೊ ತೆಗೆಯುವಾಗ ಇಲ್ಲಿ ಕಾಣದ ಯಾರ ಕೆಲಸ ಇದರ ಹಿಂದಿತ್ತು? ಹದಿನೈದು ಸ್ಲೈಡಿಗೆ ಹೆಸರೇ ಹೊಳೆಯಲಿಲ್ಲ, ಅವನ್ನು ಬಿಟ್ಟೆ. ಉಳಿದವುಗಳಲ್ಲಿ, ಆ ದಿನ ಸಭೆಯಲ್ಲಿ ಕುಳಿತಿರಬಹುದಾದ ಮೂವರನ್ನು ಆರಿಸಿಕೊಂಡೆ.

ಒಂದು ಸ್ಲೈಡು 2002ರದು. ಅಕ್ಷರ ದಾಸೋಹದ ಬಿಸಿಯೂಟ ನಮ್ಮ ಭಾಗದ ಜಿಲ್ಲೆಗಳಲ್ಲಿ ಆ ವರ್ಷವೇ ಆರಂಭವಾಗಿತ್ತು. ಫೋಟೊದಲ್ಲಿ ನಾನು ಸೌಟು ಹಿಡಿದು ಮಕ್ಕಳಿಗೆ ಬಡಿಸುತ್ತಿದ್ದೇನೆ. ಕರಡಿನಲ್ಲಿ "ಬಿಸಿಯೂಟವನ್ನು ಯಶಸ್ವಿಯಾಗಿ ಅನುಷ್ಠಾನಗೊಳಿಸಿದೆ" ಎಂದಿತ್ತು. ಅದು ವರದಿಯ ಭಾಷೆ. ಬದಲಿಸಿ ಹೀಗೆ ಬರೆದೆ: "ಆ ಫೋಟೊದಾಗ ಸೌಟು ನನ್ನ ಕೈಯಾಗ ಐತಿ. ಹಸಿ ಕಟ್ಟಿಗಿ ಹೊಗಿಯೊಳಗ ಅನ್ನ ಮಾಡಿದಾಕಿ ಹಿಂದಿನ ಕೋಣ್ಯಾಗ ಇದ್ಲು. ಅಕ್ಕಾ, ಮಕ್ಕಳು ಮಧ್ಯಾಹ್ನದ ಮ್ಯಾಲೆ ಮನಿಗೆ ಓಡಿಹೋಗದ ಸಾಲ್ಯಾಗ ಕುಂತಿದ್ದು ನಿನ್ನಿಂದ." ಧನ್ಯವಾದ ಹೇಳುವಾಗ ಅವರು ಮಾಡಿದ ಕೆಲಸ, ಅದರಿಂದ ಆದದ್ದು, ಎರಡನ್ನೂ ಹೇಳಬೇಕು, ಬರೀ "ಸಹಕಾರ" ಎಂದರೆ ಯಾರಿಗೂ ಮುಟ್ಟುವುದಿಲ್ಲ. ಆಡುವ ಮಾತಿನಲ್ಲೇ ಬರೆದಿದ್ದರಿಂದ ಓದುವಾಗ ನಾಲಿಗೆಯೂ ತಡವರಿಸಲಿಲ್ಲ.

ಉಳಿದಿಬ್ಬರು, ಮಳೆಗಾಲದಲ್ಲಿ ಸೋರುವ ಕೋಣೆಗೆ ಹೆಂಚು ಹೊದಿಸಿದ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಮತ್ತು ನನಗೆ ನಲಿ-ಕಲಿ ಕಾರ್ಡು ಜೋಡಿಸಲು ಕಲಿಸಿದ ಹಿರಿಯ ಶಿಕ್ಷಕಿ. ಅವರಿಗೂ ತಲಾ ನಾಲ್ಕು ಸಾಲು. ಮನೆಯವರಿಗೆ ಎರಡು. ಅಧ್ಯಕ್ಷರಿಂದ ಹಿಡಿದು ವೇದಿಕೆಯ ಗಣ್ಯರನ್ನೆಲ್ಲ ಸ್ವಾಗತದವರು ಹೆಸರಿಸಿಯೇ ಇರುತ್ತಾರೆ, ಹಾಗಾಗಿ ಒಂದೇ ಸಾಲಿನಲ್ಲಿ ನಮಸ್ಕಾರ ಹೇಳಿದೆ. ಒಟ್ಟು ನಾಲ್ಕು ನಿಮಿಷ.

ಸ್ಲೈಡ್ ಓಡಿಸುವ ಮೇಷ್ಟ್ರಿಗೆ ಒಂದು ಮಾತು ಹೇಳಿಟ್ಟಿದ್ದೆ: ನಾನು ಎದ್ದ ಕೂಡಲೇ `B` ಒತ್ತಿರಿ, ಪರದೆ ಕಪ್ಪಾಗಲಿ. ಫೋಟೊ ಓಡುತ್ತಿದ್ದರೆ ಎಲ್ಲರ ಕಣ್ಣು ಅಲ್ಲೇ ಇರುತ್ತದೆ. ಬಿಸಿಯೂಟದ ಮಾತು ಬಂದಾಗ ಮಾತ್ರ ಆ ಒಂದು ಫೋಟೊ ತೋರಿಸಿದರು. ಅಡುಗೆ ಅಕ್ಕ ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಬಂದು, "ಕಟ್ಟಿಗಿ ಹಸಿ ಇದ್ದದ್ದು ನಿಮಗ ನೆನಪೈತೇನ್ರಿ ಅಕ್ಕೋರ?" ಎಂದು ನನ್ನ ಕೈ ಹಿಡಿದುಕೊಂಡಳು.