10,000 ಮೀಟರ್, 25 ಲ್ಯಾಪ್: ಓಡ್ತಾ ಓಡ್ತಾನೇ ಫಿನಿಶ್ ಟೈಮ್ ಲೆಕ್ಕ ಹಾಕೋದು ಕಲ್ತಿದ್ದು (ನನ್ನ ಅನುಭವ)

ರೋಡ್ ಮೇಲೆ 10ಕೆ ತುಂಬಾ ಓಡಿದ್ದೆ, ಆದ್ರೆ ಟ್ರ್ಯಾಕ್ ಮೇಲೆ 10,000 ಓಡಿರೋದು ಎರಡೇ ಸಲ, ಎರಡೂ ಸಲ ಟಾರ್ಗೆಟ್ 40 ನಿಮಿಷದ ಒಳಗೆ. ಮೊದಲನೇದು 40:53 ಆಯ್ತು, ಎರಡನೇದು 39:52. ಈ ಎರಡು ರೇಸ್ ಮಧ್ಯೆ ಫಿಟ್‌ನೆಸ್ ಅಷ್ಟೇನೂ ಬದಲಾಗಿರ್ಲಿಲ್ಲ, ಬದಲಾಗಿದ್ದು ನಾನು ಲ್ಯಾಪ್ ಟೈಮ್ ಓದೋ ರೀತಿ. ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಟಾರ್ಗೆಟ್ ಹೇಗೆ ಬಂತು ಅಂತ ಹೇಳ್ಬಿಡ್ತೀನಿ. ನನ್ನ 5000 ಟೈಮ್ 19:10 ಇತ್ತು. ಪೀಟ್ ರೀಗಲ್ ಅನ್ನೋರ ಫಾರ್ಮುಲಾ ಪ್ರಕಾರ ದೂರ ಡಬಲ್ ಆದ್ರೆ ಟೈಮ್ ಸುಮಾರು 2.085 ಪಟ್ಟು ಆಗುತ್ತೆ, ಹಾಗೆ ಗುಣಿಸಿದ್ರೆ 39:58. ಅಂದ್ರೆ 40 ನಿಮಿಷ ನಂಗೆ ಸಿಗಬಹುದಾದ ಟಾರ್ಗೆಟ್ಟೇ, ಆದ್ರೆ ಕೈಯಲ್ಲಿ ಉಳಿಯೋದು ಎರಡೇ ಸೆಕೆಂಡ್. 40 ನಿಮಿಷ ಅಂದ್ರೆ 2400 ಸೆಕೆಂಡ್, 25 ಲ್ಯಾಪ್‌ಗೆ ಹಂಚಿದ್ರೆ ಲ್ಯಾಪ್‌ಗೆ 96 ಸೆಕೆಂಡ್, 1:36. ಇದರಲ್ಲಿ ಒಂದು ಅನುಕೂಲ ಇದೆ, ಐದು ಲ್ಯಾಪ್‌ಗೆ ಸರಿಯಾಗಿ 8 ನಿಮಿಷ ಆಗುತ್ತೆ. ಹಾಗಾಗಿ 25 ಸಾಲಿನ ಪಟ್ಟಿ ಬೇಡ, 1:36, 3:12, 4:48, 6:24, 8:00 ಇಷ್ಟು ಐದು ನಂಬರ್ ತಲೇಲಿದ್ರೆ ಸಾಕು, ಆಮೇಲೆ ಎಂಟೆಂಟು ನಿಮಿಷ ಸೇರಿಸ್ಕೊಂಡು ಹೋಗೋದು.

ಮೊದಲನೇ ರೇಸಲ್ಲಿ ಇದೆಲ್ಲ ಗೊತ್ತಿತ್ತು, ಆದ್ರೂ ಕೆಟ್ಟಿದ್ದು ಹೇಗೆ ಅಂದ್ರೆ, ಗುಂಪಿನ ಜೊತೆ ಹೊರಟೆ, ಮೊದಲ ಲ್ಯಾಪ್ 89 ಸೆಕೆಂಡ್. ಕಷ್ಟ ಅನ್ನಿಸ್ಲೇ ಇಲ್ಲ, ಅದೇ ಮೋಸ, 96ರ ಓಟಕ್ಕೂ 89ರ ಓಟಕ್ಕೂ ಮೊದಲ ನಿಮಿಷದಲ್ಲಿ ಉಸಿರಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. ಆಮೇಲೆ 91, 93, 93, 94. ಐದು ಲ್ಯಾಪ್‌ಗೆ 7:40, ಅಂದ್ರೆ 20 ಸೆಕೆಂಡ್ ಮುಂದೆ. ವಾಚಲ್ಲಿ ಆವರೇಜ್ ಲ್ಯಾಪ್ 92 ತೋರಿಸ್ತಿತ್ತು, 25ರಿಂದ ಗುಣಿಸಿದ್ರೆ 38:20 ಅಂತ ಮನಸ್ಸಿಗೆ ಬಂದು ಖುಷಿಯಾಗೋಯ್ತು. ಮುಂದಿನ ಐದು 95, 95, 96, 96, 97, ಹತ್ತಕ್ಕೆ 15:39. ಆಮೇಲೆ 98, 98, 99, 100, 100. ಹದಿನೈದನೇ ಲ್ಯಾಪ್ ಮುಗಿದಾಗ ಗಡಿಯಾರ 23:54, ಆವರೇಜ್ 95.6. ಗುಣಿಸಿದ್ರೆ 39:50. ಕಾಲು ಸೋತಿದೆ ಅಂತ ಗೊತ್ತಾಗ್ತಿದೆ, ಆದ್ರೆ ವಾಚ್ ಮಾತ್ರ 40ರ ಒಳಗೇ ಇದ್ದೀಯ ಅಂತಿದೆ, ನಾನು ವಾಚನ್ನೇ ನಂಬಿದೆ. ಆವರೇಜ್ 96 ದಾಟಿದ್ದು ಹದಿನೇಳನೇ ಲ್ಯಾಪಲ್ಲಿ. ಅಷ್ಟೊತ್ತಿಗೆ ಉಳಿದ ಎಂಟು ಲ್ಯಾಪನ್ನ 95.5ರಲ್ಲಿ ಓಡಬೇಕಿತ್ತು, ನಾನು ಓಡ್ತಿದ್ದಿದ್ದು 101ರಲ್ಲಿ. ಕಥೆ ಅಲ್ಲಿಗೇ ಮುಗಿದಿತ್ತು.

ಮನೆಗೆ ಬಂದು ಲ್ಯಾಪ್‌ಗಳನ್ನೆಲ್ಲ ಕಾಗದದ ಮೇಲೆ ಬರ್ಕೊಂಡು ಕೂತಾಗ ಅರ್ಥ ಆಯ್ತು. ಒಟ್ಟು ಆವರೇಜ್ ಅನ್ನೋದು ಮುಗಿದುಹೋದ ಲ್ಯಾಪ್‌ಗಳ ಲೆಕ್ಕ, ಅದರಲ್ಲಿ ಆ ಮೊದಲ 89, 91 ಇನ್ನೂ ಕೂತಿರುತ್ತೆ. ಅದನ್ನ 25ರಿಂದ ಗುಣಿಸಿದ್ರೆ ಉಳಿದ ಲ್ಯಾಪಲ್ಲೂ ಅದೇ ತಾಜಾ ಕಾಲು ಇರುತ್ತೆ ಅಂತ ಒಪ್ಕೊಂಡ ಹಾಗೆ. ಸರಿಯಾದ ಅಂದಾಜು ಬೇಕಂದ್ರೆ ಆಗಿರೋ ಟೈಮನ್ನ ಹಾಗೇ ಬಿಟ್ಟು, ಉಳಿದ ಲ್ಯಾಪ್‌ಗಳನ್ನ ಈಗ ಓಡ್ತಿರೋ ಪೇಸಿಂದ ಗುಣಿಸಿ ಸೇರಿಸಬೇಕು.

"ಈಗ ಓಡ್ತಿರೋ ಪೇಸ್" ಅಂದ್ರೆ ಎಷ್ಟು ಲ್ಯಾಪ್ ಅನ್ನೋದೂ ಮುಖ್ಯ. ಒಂದೇ ಲ್ಯಾಪ್ ತಗೊಂಡ್ರೆ ಆಗಲ್ಲ, ಯಾಕಂದ್ರೆ ಬಟನ್ ಒತ್ತೋದ್ರಲ್ಲೇ ಅರ್ಧ ಸೆಕೆಂಡ್ ಹೆಚ್ಚುಕಮ್ಮಿ ಆಗುತ್ತೆ, 20 ಲ್ಯಾಪ್ ಬಾಕಿ ಇರುವಾಗ ಅದು ಅಂದಾಜಲ್ಲಿ 10 ಸೆಕೆಂಡ್ ತಪ್ಪಾಗುತ್ತೆ. ಮೂರು ಲ್ಯಾಪ್ ಸೇರಿಸಿ ನೋಡಿದ್ರೆ ಮಧ್ಯದ ಬಟನ್ ತಪ್ಪುಗಳು ತಾವಾಗೇ ಹೋಗ್ತವೆ, ಒಂದು ಲ್ಯಾಪಿಗೆ ಜಾಸ್ತಿ ಆಗಿದ್ದು ಪಕ್ಕದ್ದಕ್ಕೆ ಕಮ್ಮಿ ಆಗಿರುತ್ತೆ, ಉಳಿಯೋದು ಶುರು ಮತ್ತು ಕೊನೆಯ ತಪ್ಪು ಮಾತ್ರ, ಅದೂ ಮೂರಕ್ಕೆ ಹಂಚಿಹೋಗುತ್ತೆ. ಐದು ಲ್ಯಾಪ್ ತಗೊಂಡ್ರೆ ಇನ್ನೂ ನಯವಾಗಿ ಬರುತ್ತೆ ಆದ್ರೆ ಸುದ್ದಿ ತಡವಾಗಿ ಸಿಗುತ್ತೆ. ನಂಗೆ ಮೂರೇ ಸರಿಹೋಯ್ತು.

ಆದ್ರೆ ಓಡ್ತಾ ಓಡ್ತಾ 97.67 ಗುಣಿಸು 13 ಅಂತ ಯಾರ ಕೈಲೂ ಆಗಲ್ಲ. ಅದಕ್ಕೆ ನಾನು ಹೀಗೆ ಮಾಡ್ಕೊಂಡೆ: ಪೂರ್ತಿ ಟೈಮ್ ಮರೆತುಬಿಡೋದು, ಪಟ್ಟಿಗಿಂತ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಅನ್ನೋದೊಂದೇ ನಂಬರ್ ಇಟ್ಕೊಳ್ಳೋದು, ಅದನ್ನ ನಾನು ಬ್ಯಾಲೆನ್ಸ್ ಅಂತೀನಿ. ಮೂರು ಲ್ಯಾಪಿಗೊಮ್ಮೆ ಆ ಬ್ಯಾಲೆನ್ಸ್ ಎಷ್ಟು ಕರಗ್ತು ನೋಡೋದು. ಬಾಕಿ ಲ್ಯಾಪಲ್ಲಿ ಅಂಥ ಮೂರು ಎಷ್ಟಿದಾವೋ ಅಷ್ಟು ಸಲ ಕಳೆಯೋದು, ಅಷ್ಟೇ.

ಅದೇ ಕೆಟ್ಟ ರೇಸಿಗೆ ಹಾಕಿ ನೋಡಿ. ಒಂಬತ್ತನೇ ಲ್ಯಾಪಿಗೆ ನನ್ನ ಬ್ಯಾಲೆನ್ಸ್ 22 ಸೆಕೆಂಡ್ ಮುಂದೆ, ಹನ್ನೆರಡಕ್ಕೆ 17 ಮುಂದೆ. ಮೂರು ಲ್ಯಾಪಲ್ಲಿ 5 ಕರಗಿದೆ. ಬಾಕಿ 13 ಲ್ಯಾಪ್, ಅಂದ್ರೆ ನಾಲ್ಕೂ ಚಿಲ್ಲರೆ ಮೂರುಗಳು, ಸುಮಾರು 22 ಸೆಕೆಂಡ್ ಕರಗುತ್ತೆ. 17ರಲ್ಲಿ 22 ಹೋದ್ರೆ 5 ಸಾಲದು, ಅಂದ್ರೆ 40:05. ಅದೇ ಹೊತ್ತಲ್ಲಿ ಒಟ್ಟು ಆವರೇಜ್ ಪ್ರಕಾರ 39:25! ಅಂದ್ರೆ ಈ ಲೆಕ್ಕ ಹಾಕಿದ್ರೆ ಹನ್ನೆರಡನೇ ಲ್ಯಾಪಲ್ಲೇ ಎಚ್ಚರಿಕೆ ಸಿಗ್ತಿತ್ತು, ಆವರೇಜ್ ಹೇಳೋಕೆ ಐದು ಲ್ಯಾಪ್ ಮುಂಚೆ. ಹದಿನೈದಕ್ಕೆ ಇದೇ ಲೆಕ್ಕ 40:31 ಅನ್ನುತ್ತೆ. ಕೊನೆಗೆ ಬಂದಿದ್ದು 40:53, ಯಾಕಂದ್ರೆ ಸೋತ ಕಾಲು ಅದೇ ಪೇಸಲ್ಲೂ ನಿಲ್ಲಲ್ಲ, ಇನ್ನೂ ಇಳಿಯುತ್ತೆ. ಹಾಗಾಗಿ ಬ್ಯಾಲೆನ್ಸ್ ಕರಗ್ತಿರುವಾಗ ಬರೋ ಅಂದಾಜನ್ನ ಕನಿಷ್ಠ ಇಷ್ಟಂತೂ ಆಗುತ್ತೆ ಅಂತಲೇ ಓದಬೇಕು.

ಎರಡನೇ ರೇಸಿಗೆ ಮುಂಚೆ ಇನ್ನೆರಡು ವಿಷಯ ಸರಿ ಮಾಡ್ಕೊಂಡೆ. ಒಂದು, ವಾಚಿನ ಆಟೋ ಲ್ಯಾಪ್ ಆಫ್ ಮಾಡಿದೆ. ಜಿಪಿಎಸ್ ಕರ್ವಲ್ಲಿ ಹೆಚ್ಚುಕಮ್ಮಿ ಅಳೀತಾ ಹೋಗುತ್ತೆ, ಸ್ವಲ್ಪ ಹೊತ್ತಲ್ಲೇ ಅದರ ಕಿಲೋಮೀಟರ್ ಒಂದು ಕಡೆ, ಫಿನಿಶ್ ಲೈನ್ ಒಂದು ಕಡೆ ಆಗುತ್ತೆ. ಟ್ರ್ಯಾಕಲ್ಲಿ ಗೆರೆ ಇದ್ದೇ ಇದೆ, ಗೆರೆ ದಾಟುವಾಗ ಕೈಯಲ್ಲೇ ಒತ್ತೋದು ಸರಿ. ಇನ್ನೊಂದು, ಲೇನ್. ಒಂದನೇ ಲೇನಿನ ಒಳ ಅಂಚಿಂದ 30 ಸೆಂಟಿಮೀಟರ್ ಹೊರಗೆ ಅಳೆದ್ರೆ ಮಾತ್ರ 400 ಮೀಟರ್. ಎರಡನೇ ಲೇನಲ್ಲಿ ಪೂರ್ತಿ ಸುತ್ತು ಹಾಕಿದ್ರೆ ಸುಮಾರು 7 ಮೀಟರ್ ಜಾಸ್ತಿ, ನನ್ನ ಪೇಸಲ್ಲಿ ಅದು 1.7 ಸೆಕೆಂಡ್. ಮೊದಲನೇ ರೇಸಲ್ಲಿ ಕರ್ವಲ್ಲೇ ಒಬ್ಬೊಬ್ಬರನ್ನ ದಾಟ್ಕೊಂಡು ಹೋಗಿದ್ದೆ. ಈ ಸಲ ಕರ್ವ್ ಬಂದ್ರೆ ಮುಂದಿದ್ದೋರ ಬೆನ್ನ ಹಿಂದೆ, ದಾಟೋದು ಏನಿದ್ರೂ ನೇರದಲ್ಲಿ.

ರೇಸ್ ದಿನ ಫ್ರೆಂಡ್ ಒಬ್ಬನ್ನ ಎದುರುಗಡೆ 200 ಮೀಟರ್ ಸ್ಟಾರ್ಟ್ ಗೆರೆ ಹತ್ರ ನಿಲ್ಲಿಸಿದ್ದೆ, ಮೊದಲ ಲ್ಯಾಪಿಗೆ ಮಾತ್ರ. ಅಲ್ಲಿ 48 ಬರಬೇಕು. ಗನ್ ಆಯ್ತು, ಗುಂಪು ಹೋಯ್ತು, ನಾನು ಹಿಂದಿನಿಂದ ಮೂರನೆಯವನು. ಅವನು "49, 49! ಹಂಗೇ ಹೋಗು ಗುರು, ಹಂಗೇ ಹೋಗು" ಅಂತ ಕೂಗಿದ. ಆ ಒಂದು ಕೂಗು ತುಂಬಾ ಉಪಯೋಗ ಆಯ್ತು, ಯಾಕಂದ್ರೆ 400ಕ್ಕೆ ಕಾಯೋ ಅಷ್ಟರಲ್ಲಿ ಮಾಡಬಾರದ ತಪ್ಪು ಆಗಿಹೋಗಿರುತ್ತೆ. ಮೊದಲ ಲ್ಯಾಪ್ 97. ಆಮೇಲೆ 96, 96, 96, 96. ಐದಕ್ಕೆ 8:01, ಹತ್ತಕ್ಕೆ 16:02, ಹದಿನೈದಕ್ಕೆ 24:04. ಬ್ಯಾಲೆನ್ಸ್ 4 ಹಿಂದೆ, ಕಳೆದ ಮೂರು ಲ್ಯಾಪಲ್ಲಿ ಕರಗಿದ್ದು 1, ಬಾಕಿ 10 ಲ್ಯಾಪ್, ಅಂದಾಜು 40:07. ನೋಡೋಕೆ ಮೊದಲನೇ ರೇಸಿನ 23:54ಗಿಂತ ಕೆಟ್ಟದಾಗಿ ಕಾಣುತ್ತೆ, ಆದ್ರೆ ಅಲ್ಲಿ ಲ್ಯಾಪ್ 100 ಇತ್ತು, ಇಲ್ಲಿ 96. ಬೇಕಾಗಿದ್ದು ಉಳಿದ ಹತ್ತಕ್ಕೆ 95.6, ಅದು ನನ್ನ ಕೈಗೆ ಸಿಗೋ ದೂರದಲ್ಲೇ ಇತ್ತು.

ಈ ನಡುವೆ ಲ್ಯಾಪ್ ಎಣಿಕೆ ತಪ್ಪೋ ಅಪಾಯ ಒಂದಿದೆ. ನನ್ನಂಥ 40 ನಿಮಿಷದವರನ್ನ ಮುಂದಿನವರು ಎಷ್ಟೋ ಸಲ ಸುತ್ತು ಹಾಕಿ ದಾಟಿರ್ತಾರೆ, ಫಿನಿಶ್ ಲೈನ್ ಹತ್ರ ಇರೋ ಬೋರ್ಡು ಲೀಡರ್‌ಗೆ ಎಷ್ಟು ಬಾಕಿ ಅಂತ ತೋರಿಸುತ್ತೆ, ಗಂಟೆಯೂ ಮೊದಲು ಅವರಿಗೇ ಹೊಡೆಯೋದು. ಹದಿನೇಳಾ ಹದಿನೆಂಟಾ ಅಂತ ನಂಗೆ ಅನುಮಾನ ಬಂತು. ಗಡಿಯಾರ ನೋಡಿದೆ, 28:54 ಚಿಲ್ಲರೆ. ಹದಿನೇಳಕ್ಕೆ 27:12 ಇರಬೇಕು, ಹದಿನೆಂಟಕ್ಕೆ 28:48. ಹಾಗಾದ್ರೆ ಹದಿನೆಂಟೇ. ಲ್ಯಾಪ್ ಒಂದೇ ಸಮ ಓಡಿದ್ರೆ ಗಡಿಯಾರವೇ ಎಣಿಸಿಕೊಡುತ್ತೆ, ಒಂದು ಲ್ಯಾಪ್ ತಪ್ಪು ಅಂದ್ರೆ ಒಂದೂವರೆ ನಿಮಿಷದ ವ್ಯತ್ಯಾಸ, ಗೊಂದಲ ಆಗೋ ಮಾತೇ ಇಲ್ಲ.

ಇಪ್ಪತ್ತಕ್ಕೆ 32:05. ಇಲ್ಲಿಂದ ಅಂದಾಜು ಹಾಕೋದು ನಿಲ್ಲಿಸಿದೆ, ಬೇಕಾಗಿರೋ ಲ್ಯಾಪ್ ಎಷ್ಟು ಅನ್ನೋದೊಂದೇ. ಐದು ಸೆಕೆಂಡ್ ಹಿಂದೆ, ಐದು ಲ್ಯಾಪ್ ಬಾಕಿ, ಲ್ಯಾಪಿಗೊಂದು ಸೆಕೆಂಡ್, 95. ಕೊನೆ ಲ್ಯಾಪಿನ ಸ್ಪ್ರಿಂಟನ್ನ ಈ ಲೆಕ್ಕಕ್ಕೆ ಬೇಕಂತಲೇ ಸೇರಿಸ್ಲಿಲ್ಲ, ಅದು ಬರುತ್ತೆ ಅಂತ ಮುಂಚೆನೇ ಖರ್ಚು ಮಾಡಿದ್ರೆ ಆ ಹೊತ್ತಿಗೆ ಕಾಲಲ್ಲಿ ಇರದೇನೂ ಹೋಗಬಹುದು. 95, 95, 95 ಬಂತು, ಉಸಿರು ಎರಡು ಹೆಜ್ಜೆಗೊಂದು ಆಗಿತ್ತು, ಇಪ್ಪತ್ನಾಲ್ಕನೇದು 93, ಗಂಟೆ ಕೇಳಿದ ಮೇಲೆ 89. ಮೊದಲನೇ ರೇಸಲ್ಲಿ ಶುರುವಲ್ಲೇ ಸುರಿದ ಅದೇ 89 ಈ ಸಲ ಕೊನೆಗೆ ಬಂತು.

ದೊಡ್ಡ ಓಟಗಾರರ ಸ್ಪ್ಲಿಟ್ ನೋಡಿದ್ರೂ ಇದೇ ಕಾಣುತ್ತೆ. ಜೋಶುವಾ ಚೆಪ್ಟೆಗೈ 2020ರಲ್ಲಿ ವಲೆನ್ಸಿಯಾದಲ್ಲಿ 26:11.00ಕ್ಕೆ ವಿಶ್ವದಾಖಲೆ ಮಾಡಿದಾಗ ಟ್ರ್ಯಾಕ್ ಅಂಚಲ್ಲಿ ಪೇಸ್ ತೋರಿಸೋ ಲೈಟ್ ಓಡ್ತಿತ್ತು, ಮೊದಲ 5000 ಸುಮಾರು 13:08, ಎರಡನೇದು 13:03. ಲ್ಯಾಪಿಗೆ 62.8 ಸೆಕೆಂಡ್ ಆವರೇಜ್. ಆ ಪೇಸಲ್ಲಿ ನಂಗೆ ಒಂದು ಲ್ಯಾಪ್ ಓಡೋದೂ ಕಷ್ಟ, ಆದ್ರೆ ಎರಡು ಅರ್ಧ ಸಮ ಇರಬೇಕು ಅನ್ನೋದು ಇಬ್ಬರಿಗೂ ಒಂದೇ.

ಈ ಲೆಕ್ಕ ಎಲ್ಲಿ ಕೈಕೊಡುತ್ತೆ ಅಂತಾನೂ ಹೇಳ್ಬೇಕು. ಮೊದಲ ಐದು ಲ್ಯಾಪಲ್ಲಿ ಯಾವ ಅಂದಾಜನ್ನೂ ನಂಬಬೇಡಿ, ಇನ್ನೂ 20 ಬಾಕಿ ಇರುತ್ತೆ, ಒಂದು ಸೆಕೆಂಡ್ ತಪ್ಪು 20 ಸೆಕೆಂಡ್ ಆಗುತ್ತೆ. ಗಾಳಿ ಇದ್ದಾಗ ಅರ್ಧ ಲ್ಯಾಪಿನ ಟೈಮ್ ನೋಡಿ ಗಾಬರಿ ಆಗ್ಬೇಡಿ, ಒಂದು ನೇರದಲ್ಲಿ ತಳ್ಳುತ್ತೆ ಇನ್ನೊಂದರಲ್ಲಿ ತಡೆಯುತ್ತೆ, ಪೂರ್ತಿ ಲ್ಯಾಪೇ ಹೋಲಿಸಬೇಕು. ಬಿಸಿಲಲ್ಲಿ ಓಡಿದ್ರೆ ಹದಿನೈದರ ನಂತರದ ಇಳಿತ ಈ ಲೆಕ್ಕ ಹೇಳಿದ್ದಕ್ಕಿಂತ ಜಾಸ್ತಿನೇ ಇರುತ್ತೆ.

ಮುಂದಿನ ಸಲಕ್ಕೆ 38:45 ಇಟ್ಕೊಂಡಿದೀನಿ, ಲ್ಯಾಪಿಗೆ 93. ಐದು ಸಾಲು ಈಗಾಗ್ಲೇ ಬಾಯಿಪಾಠ ಮಾಡ್ತಿದೀನಿ: 1:33, 3:06, 4:39, 6:12, 7:45.