ಸೀರೆ ಫೋಟೊದಲ್ಲಿ ನಮ್ಮನೆ ಅಡ್ರೆಸ್: ನನ್ನ ಅನುಭವ

ನಾನು ಮನೆಯಿಂದಲೇ ಫೋಟೊ ಹಾಕಿ ಸೀರೆ ಮಾರುವವಳು. ಹೋದ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಗೊತ್ತಿಲ್ಲದವರೊಬ್ಬರು ಗೇಟ್ ಬಡಿದರು. "ಮೇಡಂ, ಆ ನೇರಳೆ ಇಳಕಲ್ ಸೀರೆ ಹೋಲ್‌ಸೇಲ್ ರೇಟಿಗೆ ಕೊಡ್ತೀರಾ?" ಅಂದರು. ಮನೆಯಲ್ಲಿ ನಾನೊಬ್ಬಳೇ. ದಾವಣಗೆರೆ ಅಂತ ಬಿಟ್ಟರೆ ಅಡ್ರೆಸ್ ನಾನು ಎಲ್ಲೂ ಹಾಕಿರಲಿಲ್ಲ. ಹೇಗೆ ಬಂದ್ರಿ ಅಂದರೆ, "ಫೋಟೊದಲ್ಲೇ ಇತ್ತಲ್ಲ" ಅಂದು ನಕ್ಕರು.

"ಅಕ್ಕಪಕ್ಕದವರು ಹೇಳಿರ್ತಾರೆ, ಸುಮ್ನಿರು" ಅಂದರು ನಮ್ಮ ಯಜಮಾನರು. ನಾನು ಸುಮ್ಮನಿರಲಿಲ್ಲ. ಆ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಸೀರೆಯ ಹಿಂದೆ ದಿನಸಿ ಅಂಗಡಿಯ ಕ್ಯಾಲೆಂಡರ್. ಅದರಲ್ಲಿ ಅಂಗಡಿ ಹೆಸರು, ಕ್ರಾಸ್ ನಂಬರ್, ಫೋನ್ ಎಲ್ಲಾ ಇದೆ. ಪಕ್ಕದ ಮೊಳೆಗೆ ಯಜಮಾನರ ಐಡಿ ಕಾರ್ಡ್ ನೇತಾಡುತ್ತಿದೆ. ಅವರ ಮುಖ ಮಸುಕು, ಆದರೆ ಕಂಪನಿಯ ಚಿಹ್ನೆ ಮತ್ತು ಅರ್ಧ ಹೆಸರು ಓದಬಹುದು. ಅಂದರೆ ಮನೆ ಯಾವ ರಸ್ತೆ, ಗಂಡ ಎಲ್ಲಿ ಕೆಲಸ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಎಲ್ಲಾ ಒಂದೇ ಫೋಟೊದಲ್ಲಿ.

ಮೊದಲು ಫೋನಿನ ಪೆನ್ನಿನಿಂದಲೇ ಕಪ್ಪು ಬಳಿದೆ. ತಂಗಿಯ ಮಗ ನಮ್ಮಲ್ಲೇ ಇದ್ದು ಕಾಲೇಜಿಗೆ ಹೋಗುತ್ತಾನೆ. ಅವನು ಫೋಟೊದ ಬ್ರೈಟ್‌ನೆಸ್ ಪೂರ್ತಿ ಏರಿಸಿ, "ದೊಡ್ಡಮ್ಮ, ಓದ್ಲಾ?" ಅಂದ. ನಾನು ಬಳಸಿದ್ದು ಹೈಲೈಟರ್ ಪೆನ್. ಎಷ್ಟು ಸಲ ಬಳಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಲೇಬೇಕಿದ್ದರೆ ಬಣ್ಣ ತುಂಬಿದ ಚೌಕ ಇಡಿ. ನನ್ನ ಕೇಳಿದರೆ, ಆ ಫೋಟೊ ಬಿಟ್ಟು ಬೇರೆ ತೆಗೆಯುವುದೇ ವಾಸಿ.

ಕ್ಯಾಲೆಂಡರ್ ಕಿತ್ತೆ, ಕಾರ್ಡ್ ಬೀರುವಿಗೆ ಹೋಯಿತು. ಒಂದೂವರೆ ತಿಂಗಳಿಗೆ ಇನ್ನೊಬ್ಬರು ಬಂದರು!

ಈ ಸಲ ತಪ್ಪು ಕಣ್ಣಿಗೆ ಕಾಣುವಂಥದ್ದಲ್ಲ. ಬಣ್ಣ ಸರಿಯಾಗಿ ಕಾಣಲಿ ಅಂತ ರೀಸೆಲರ್‌ಗಳು "ಡಾಕ್ಯುಮೆಂಟ್ ಆಗಿ ಕಳಿಸಿ ಅಕ್ಕ" ಅನ್ನುತ್ತಾರಲ್ವಾ? ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಒಳಗಿನ ಲೊಕೇಶನ್ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತದೆ, ಕ್ಯಾಮೆರಾ ಬರೆದ ಅಕ್ಷಾಂಶ ರೇಖಾಂಶದ ಸಮೇತ. ಆ ಅಂಕಿಗಳನ್ನು ಮ್ಯಾಪ್‌ಗೆ ಹಾಕಿದರೆ ಗುರುತು ಬಿದ್ದದ್ದು ನಮ್ಮ ಮನೆಯಿಂದ ಎರಡು ಮನೆ ಆಚೆ.

ಕ್ಯಾಮೆರಾದ ಲೊಕೇಶನ್ ಆಫ್ ಮಾಡಿದೆ. ಅದು ಮುಂದಿನ ಫೋಟೊಗಳಿಗೆ ಮಾತ್ರ. ಹಳೆಯವು ಸುಮಾರು 600 ಇದ್ದವು. ಹುಡುಗ ಲ್ಯಾಪ್‌ಟಾಪಿನಲ್ಲಿ ಒಳಗಿನ ಮಾಹಿತಿಯನ್ನೆಲ್ಲಾ ಒಂದೇ ಏಟಿಗೆ ಅಳಿಸಿದ. ಅಳಿಸಿದ್ದು ಜಾಸ್ತಿಯೇ ಆಯಿತು. ಅರ್ಧ ಸೀರೆಗಳು ಅಡ್ಡ ಮಲಗಿದವು, ತಂಗಿಯ ಐಫೋನಿನಲ್ಲಿ ತೆಗೆದ ಕೆಂಪೆಲ್ಲಾ ಮಂಕಾಯಿತು. ಫೋಟೊ ಯಾವ ಕಡೆ ನಿಲ್ಲಬೇಕು, ಬಣ್ಣ ಹೇಗೆ ಓದಬೇಕು ಅನ್ನುವುದೂ ಅಲ್ಲೇ ಇರುತ್ತದಂತೆ. ಬಣ್ಣ ಬೇರೆ ಅಂತ ನಾಲ್ಕೈದು ಸೀರೆ ವಾಪಸ್ ಬಂದು, ಕೊರಿಯರ್‌ಗೇ ಏಳೆಂಟು ನೂರು ಹೋಯಿತು. ನಿಲ್ಲುವ ಕಡೆ, ಬಣ್ಣ ಈ ಎರಡನ್ನು ಉಳಿಸಿ ಮಿಕ್ಕದ್ದನ್ನು exiftool ಅನ್ನುವ ಸಾಫ್ಟ್‌ವೇರಿನಿಂದ ಅಳಿಸುವುದು ಹೀಗೆ. `saree` ನಮ್ಮ ಫೋಲ್ಡರ್, ನಕಲು ಇಟ್ಟುಕೊಂಡೇ ಮಾಡಿ:

```
exiftool -all= -tagsfromfile @ -orientation -icc_profile -overwrite_original saree
```

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ನೂರು ರೂಪಾಯಿ ಆಟ. ಹಾಕುವ ಮುಂಚೆ ಹತ್ತು ಫೋಟೊ ಹುಡುಗನಿಗೆ ಕೊಡುತ್ತೇನೆ. ನಾವು ಯಾರು, ಎಲ್ಲಿ ಅಂತ ತೋರಿಸುವ ಒಂದೊಂದು ಸುಳಿವಿಗೂ ನೂರು. ಯಜಮಾನರು ನಕ್ಕರು. ಮೊದಲ ವಾರವೇ 1,400 ಹೋಯಿತು, ಆಮೇಲೆ ನಗಲಿಲ್ಲ. ಮಹಡಿ ತಂತಿಯಲ್ಲಿ ಮಗಳ ಸ್ಕೂಲ್ ಯೂನಿಫಾರ್ಮ್, ಸ್ಕೂಟರಿನ ಕೆಎ 17 ನಂಬರ್, ಕಿಟಕಿಯಾಚೆ ಎದುರು ಮನೆಯ ಬೋರ್ಡ್. ನಾನು ದಿನಾ ನೋಡುವವಳು, ಒಂದೂ ಕಣ್ಣಿಗೆ ಬಿದ್ದಿರಲಿಲ್ಲ.

ಚಿತ್ರದುರ್ಗದ ತಂಗಿಯ ಫೋಟೊಗಳ ಮೇಲೂ ಸುಮ್ನೆ ಇದೇ ಆಟ ಆಡಿದೆವು. ಅವಳದು ಮಹಡಿ ಮೇಲೆ, ಹಿಂದೆ ಬರೀ ಗುಡ್ಡ. ಏನೂ ಸಿಗಲ್ಲ ಅಂದುಕೊಂಡಿದ್ದೆ. ತನ್ನ ಮನೆ ಆಟದಲ್ಲಿ ಬೇಡ ಅಂತ ಹುಡುಗ ಗೆಳೆಯನಿಗೆ ಕೊಟ್ಟ. ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲು ಯಾವ ಕೋನದಲ್ಲಿದೆ, ಮುಂದೆ ನೀರಿನ ಟ್ಯಾಂಕ್ ಎಲ್ಲಿ ಬರುತ್ತದೆ ಅಂತ ಉಪಗ್ರಹ ನಕ್ಷೆಯಲ್ಲಿ ಗೆರೆ ಎಳೆದು, ಒಂದು ಗಂಟೆಯೊಳಗೆ ಅವಳ ಬೀದಿ ಹೇಳಿದ.

ಈಗ ನಮ್ಮನೆಯಲ್ಲಿ ಒಂದೇ ಮೂಲೆ. ಬೂದು ಬಟ್ಟೆ ನಾನೂರು, ಎರಡು ಎಲ್ಇಡಿ ದೀಪ ಸಾವಿರದ ಆಸುಪಾಸು. ಕಿಟಕಿ ಬೆಳಕು ಬಿಟ್ಟರೆ ರೇಷ್ಮೆ ಮಂಕಾಗುತ್ತೆ ಅಂದವರಿದ್ದರು. ದೀಪ ಇಡುವ ಜಾಗ ಸಿಕ್ಕ ಮೇಲೆ ಆರ್ಡರ್ ಜಾಸ್ತಿಯೇ ಆಯಿತು. ಆ ಜಾಗ ಮಾತ್ರ ಹೇಳಲ್ಲ. ಪಾರ್ಸೆಲ್ ಮೇಲೆ ಕಳಿಸುವವರ ಅಡ್ರೆಸ್ ಏನು ಹಾಕುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಎಂಟು ತಿಂಗಳಿಂದ ಗೇಟಿಗೆ ಯಾರೂ ಬಂದಿಲ್ಲ. ಹುಡುಗನ ಗಳಿಕೆಯೂ ನಿಂತಿತ್ತು. ಹೋದ ವಾರ ಮಾತ್ರ ಒಂದು ನೂರು ಗೆದ್ದ. ಸೀರೆ ಪಕ್ಕ ಹೂವಿಟ್ಟ ಸ್ಟೀಲ್ ತಟ್ಟೆಯಲ್ಲಿ ನನ್ನ ಮುಖ, ಹಿಂದಿನ ಬಾಗಿಲು ಎರಡೂ ಕಾಣುತ್ತಿದ್ದವು. ತಟ್ಟೆ ವಾಪಸ್ ಅಡುಗೆಮನೆಗೆ ಹೋಯಿತು. ಈಗ ಹೂವು ಬಿದಿರಿನ ಮೊರದಲ್ಲಿ.