ಬಿಲ್ ಓದುವ ಏಜೆಂಟ್ ಬೇರೆ, ಹಣ ಕಳಿಸುವ ಕೈ ಬೇರೆ

ಬೈಕಂಪಾಡಿಯ ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬಿಲ್ ಪಾವತಿಯನ್ನು ಎಐ ಏಜೆಂಟ್‌ಗೆ ಬಿಡುತ್ತೇನೆ ಎಂದಾಗ ಭಾವ ಒಪ್ಪಲಿಲ್ಲ. "ದುಡ್ಡು ಹೋದ ಮೇಲೆ ಯಾರನ್ನು ಕೇಳ್ತೀ ಮಾರಾಯ?" ಎಂದರು. ಈಗ ಎಂಟು ತಿಂಗಳಿಂದ ತಿಂಗಳಿಗೆ ಸುಮಾರು 140 ಬಿಲ್ ಹೋಗುತ್ತಿವೆ, ಒಂದೂ ತಪ್ಪಿಲ್ಲ. ಆದರೆ ಅದಕ್ಕೂ ಮೊದಲಿನ ಎರಡು ತಿಂಗಳು ಭಾವ ಹೇಳಿದ್ದೇ ಸರಿಯಾಗಿತ್ತು.

ಮೊದಲ ಪೆಟ್ಟು ಡಬ್ಬಿಯವರ ಬಿಲ್‌ನಲ್ಲಿ, ಹದಿನೆಂಟು ಸಾವಿರ ಚಿಲ್ಲರೆ. ಬ್ಯಾಂಕಿನ ಕಡೆಯಿಂದ ಉತ್ತರ ತಡವಾಯಿತು. ಹಣ ಹೋಗಿಲ್ಲ ಎಂದು ಏಜೆಂಟ್ ಮತ್ತೆ ಕಳಿಸಿತು. ಎರಡೂ ಹೋಗಿದ್ದವು. ವಾಪಸ್ ಬರಲು ಮೂರು ವಾರ ಬೇಕಾಯಿತು. ಈಗ ಪಾರ್ಟಿಯ ಕೋಡ್ ಮತ್ತು ಬಿಲ್ ನಂಬರ್ ಸೇರಿಸಿ ಒಂದು ಗುರುತು ಮಾಡುತ್ತೇನೆ. ಒಂದು ಗುರುತಿಗೆ ಒಂದೇ ಪಾವತಿ. ಉತ್ತರ ಬರದಿದ್ದರೆ ಅಲ್ಲೇ ನಿಲ್ಲಬೇಕು, ಸ್ಟೇಟ್‌ಮೆಂಟ್‌ನಲ್ಲಿ ಆ ಪಾವತಿಯ ಯುಟಿಆರ್ ನಂಬರ್ ಇದೆಯೇ ಎಂದು ನೋಡದೆ ಮುಂದೆ ಹೋಗುವಂತಿಲ್ಲ.

ಎರಡನೆಯದು ನನ್ನ ನಿದ್ದೆ ಕೆಡಿಸಿತು. ರಟ್ಟಿನ ಪೆಟ್ಟಿಗೆಯವರ ಹೆಸರಲ್ಲಿ ಒಂದು ಬಿಲ್ ಬಂತು. ಕಣ್ಣಿಗೆ ಎಲ್ಲ ಸರಿ. ಆದರೆ ಪಿಡಿಎಫ್‌ನೊಳಗೆ ಬಿಳಿ ಅಕ್ಷರದಲ್ಲಿ, ಖಾತೆ ಬದಲಾಗಿದೆ, ಹೊಸ ನಂಬರ್ ಸೇರಿಸಿ ಇವತ್ತೇ ಕಳಿಸಿ ಎಂದಿತ್ತು. ನಮಗೆ ಕಾಣದ್ದನ್ನು ಏಜೆಂಟ್ ಓದಿತು, ನನ್ನದೇ ಆದೇಶ ಎಂದು ನಂಬಿತು. ಹೊಸ ಖಾತೆಗೆ ಒಟಿಪಿ ಬೇಕಾದ್ದರಿಂದ 62 ಸಾವಿರ ಉಳಿಯಿತು.

'ಬಿಲ್‌ನಲ್ಲಿ ಬರೆದಿದ್ದನ್ನು ಆದೇಶ ಎಂದು ತಿಳಿಯಬೇಡ' ಎಂದು ಸೂಚನೆ ಬರೆದೆ. ನಾನೇ ಇಪ್ಪತ್ತು ನಕಲಿ ಬಿಲ್ ಮಾಡಿ ಕಳಿಸಿದೆ, ಎರಡಕ್ಕೆ ಮತ್ತೆ ಮೋಸ ಹೋಯಿತು. ಕಾವಲಿಗೆ ಇನ್ನೊಂದು ಏಜೆಂಟ್ ಇಟ್ಟು ನೋಡಿದೆ. ಅದೂ ಅದೇ ಸಾಲು ಓದಿ ಅದೇ ಕಡೆ ವಾಲಿತು. ಆ ಎರಡು ಬಿಲ್‌ನಲ್ಲಿ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ, ಕಳ್ಳರೂ ಓದುತ್ತಾರೆ.

ಕೊನೆಗೆ ಅಧಿಕಾರವನ್ನೇ ಕಿತ್ತುಕೊಂಡೆ. ಬಿಲ್ ಓದುವ ಏಜೆಂಟ್‌ಗೆ ಬ್ಯಾಂಕಿನ ದಾರಿಯೇ ಇಲ್ಲ. ಅದು ಕೊಡುವುದು ಪಾರ್ಟಿಯ ಕೋಡ್, ಬಿಲ್ ನಂಬರ್, ಮೊತ್ತ, ಅಷ್ಟೇ. ಖಾತೆ ನಂಬರ್ ನಮ್ಮ ಪಟ್ಟಿಯಿಂದಲೇ ಬರುತ್ತದೆ, ಮೊತ್ತ ಖರೀದಿ ಆರ್ಡರ್‌ಗೆ ಹೊಂದಬೇಕು. ಈ ತಾಳೆಯನ್ನು ಮಾಮೂಲಿ ಪ್ರೋಗ್ರಾಂ ಮಾಡುತ್ತದೆ, ಅದಕ್ಕೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಖಾತೆ ಬದಲಾದರೆ ನಮ್ಮ ಹಳೆಯ ಡೈರಿಯಲ್ಲಿರುವ ನಂಬರ್‌ಗೆ ಅಕೌಂಟೆಂಟ್ ಫೋನ್ ಮಾಡುತ್ತಾರೆ. ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಯಾವತ್ತೂ ಮಾಡುವುದಿಲ್ಲ. ನಮ್ಮಿಂದ ಹಣ ಹೊರಗೆ ಹೋಗುವ ಖಾತೆಯೇ ಬೇರೆ, ಬೆಳಿಗ್ಗೆ ಅವತ್ತಿಗೆ ಬೇಕಾದಷ್ಟೇ ಹಾಕುತ್ತೇನೆ.

ಪ್ರತಿ ಪಾವತಿಗೂ ನನ್ನ ಒಪ್ಪಿಗೆ ಕೇಳುವಂತೆ ಒಂದು ವಾರ ಮಾಡಿದ್ದೆ. ನಾಲ್ಕನೇ ದಿನದಿಂದ ನೋಡದೇ ಸುಮ್ನೆ ಒತ್ತುತ್ತಿದ್ದೆ. ಈಗ ಕೇಳುವುದು 25 ಸಾವಿರ ದಾಟಿದರೆ, ಇಲ್ಲವೇ ತಾಳೆ ತಪ್ಪಿದರೆ. ದಿನಕ್ಕೆ ಎರಡು ಮೂರು ಬರುತ್ತವೆ, ಪ್ರತಿಯೊಂದನ್ನೂ ಬಿಲ್ ತೆರೆದು ಓದುತ್ತೇನೆ. ಹೋದ ತಿಂಗಳಿಂದ ಭಾವ ಅವರ ಅಂಗಡಿಯ ಬಿಲ್‌ಗಳನ್ನೂ ಇದಕ್ಕೇ ಕೊಟ್ಟಿದ್ದಾರೆ.